ಗಣಪತಿ ಹೋಗಿ ಮಂಜುನಾಥ ಬಂದಾಗ

ಪರೀಕ್ಷಾ ಕೇಂದ್ರದ ಹುಡುಗ ನನ್ನ ಪಾಸ್‌ಪೋರ್ಟನ್ನೊಮ್ಮೆ ನೋಡಿದ, ಕಂಪ್ಯೂಟರನ್ನೊಮ್ಮೆ ನೋಡಿದ. ಆಮೇಲೆ ಪಾಸ್‌ಪೋರ್ಟನ್ನು ನನ್ನ ಕಡೆಗೇ ತಳ್ಳಿ, "ಮೇಡಂ, ಹೆಸರು ಬೇರೆ ಇದೆ, ಒಳಗೆ ಬಿಡೋಕೆ ಆಗಲ್ಲ" ಅಂದ. ಹಿಂದಿನ ದಿನ ಸಂಜೆ ಕಾರವಾರದಲ್ಲಿ ಪಂಚಗಂಗಾ ರೈಲು ಹತ್ತಿ, ರಾತ್ರಿಯೆಲ್ಲ ಡ್ರಗ್ ಕ್ಯಾಲ್ಕುಲೇಷನ್ ಓದುತ್ತಾ ಬೆಂಗಳೂರಿಗೆ ಬಂದಿದ್ದೆ. ಹದಿನೈದು ಲೆಕ್ಕ, ನೂರು ಪ್ರಶ್ನೆ. ಒಂದನ್ನೂ ನೋಡದೆ ವಾಪಸ್. ಕಟ್ಟಿದ 83 ಪೌಂಡೂ ಹೋಯಿತು, ಅಂದ್ರೆ ಹತ್ತಿರ ಹತ್ತಿರ ಒಂಬತ್ತು ಸಾವಿರ ರೂಪಾಯಿ.

ಬ್ರಿಟನ್ನಿನಲ್ಲಿ ನರ್ಸ್ ಆಗಿ ಕೆಲಸ ಮಾಡಬೇಕಂದ್ರೆ ಅಲ್ಲಿನ ಎನ್‌ಎಂಸಿಯಲ್ಲಿ, ಅಂದ್ರೆ ನರ್ಸಿಂಗ್ ಆಂಡ್ ಮಿಡ್‌ವೈಫರಿ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಇಂಗ್ಲಿಷ್ ಪರೀಕ್ಷೆ ಒಂದು. ಸಿಬಿಟಿ ಅಂತ ಕಂಪ್ಯೂಟರ್ ಪರೀಕ್ಷೆ ಇನ್ನೊಂದು, ನಾನು ಬರೆಯದೆ ಬಂದದ್ದು ಅದೇ. ಆಸ್ಕಿ ಅನ್ನೋ ಪ್ರಾಯೋಗಿಕ ಪರೀಕ್ಷೆಯನ್ನು ಅಲ್ಲಿಗೇ ಹೋಗಿ ಕೊಡಬೇಕು. ನಾನು ಹೆದರಿದ್ದು ಇಂಗ್ಲಿಷಿಗೆ. ಐಇಎಲ್‌ಟಿಎಸ್‌ನಲ್ಲಿ ಬರವಣಿಗೆಗೆ 6.5, ಉಳಿದ ಮೂರಕ್ಕೂ 7 ಬೇಕು. ಅದು ಹೇಗೋ ಆಯಿತು. ಎಡವಿದ್ದು ನನ್ನ ಹೆಸರಿನಲ್ಲೇ!

ನಮ್ಮ ಕಡೆಯವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮದುವೆಗೆ ಮುಂಚೆ ನಾನು ಸವಿತಾ ಗಣಪತಿ ನಾಯ್ಕ. ಮದುವೆಯಾದ ಮೇಲೆ ನಡುವಿನ ಅಪ್ಪ ಹೋಗಿ ಗಂಡ ಬಂದ, ಸವಿತಾ ಮಂಜುನಾಥ ನಾಯ್ಕ. ಕೊನೆಯಲ್ಲಿ ನಾಯ್ಕ ಹಾಗೇ ಇರೋದ್ರಿಂದ ಹೆಸರು ಬದಲಾಗಿದೆ ಅಂತಲೇ ನನಗೆ ಅನಿಸಿರಲಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಗಣಪತಿ ಪೂರ್ತಿ ಇದ್ದಾನೆ. ನರ್ಸಿಂಗ್ ಸರ್ಟಿಫಿಕೇಟು ಮತ್ತು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ ಬರೀ 'ಜಿ' ಆಗಿದ್ದಾನೆ. ಮದುವೆಯ ನಂತರ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಮಂಜುನಾಥ. ಊರಲ್ಲಿ ಯಾರೂ ಕೇಳಲ್ಲ. ಆದ್ರೆ ಲಂಡನ್ನಿನಲ್ಲಿ ಫೈಲು ನೋಡುವವರಿಗೆ ಇವಳು ಬೇರೆ, ಅವಳು ಬೇರೆ, ಅಲ್ವಾ? 'ಜಿ' ಅನ್ನು ಎಷ್ಟು ಹಿಗ್ಗಿಸಿದರೂ ಮಂಜುನಾಥ ಆಗಲ್ಲ.

ಇಂಗ್ಲಿಷ್ ಪರೀಕ್ಷೆಗೆ ಪಾಸ್‌ಪೋರ್ಟ್ ನೋಡಿಕೊಂಡು ಹೆಸರು ತುಂಬಿದ್ದೆ. ಸಿಬಿಟಿಗೆ ಮಾತ್ರ, ಇದು ನರ್ಸಿಂಗ್ ಪರೀಕ್ಷೆ ಅಂತ, ನರ್ಸಿಂಗ್ ನೋಂದಣಿಯಲ್ಲಿದ್ದ ಹೆಸರು ತುಂಬಿದೆ. ಯಾರೂ ಹೇಳಿಕೊಟ್ಟಿದ್ದಲ್ಲ, ನನ್ನದೇ ಬುದ್ಧಿ.

ವಾಪಸ್ ಬಂದು ಕಾರವಾರದ ನೋಟರಿಯೊಬ್ಬರ ಹತ್ತಿರ ಹೋದೆ. ಪಾಸ್‌ಪೋರ್ಟನ್ನೇ ಹಳೇ ಹೆಸರಿಗೆ ತಿದ್ದಿಸಲಾ ಅಂತ ಕೇಳಿದೆ. "ತಂಗೀ, ಹಾಗೆ ಮಾಡಿದ್ರೆ ಇಂಗ್ಲಿಷ್ ಪರೀಕ್ಷೆ ರಿಸಲ್ಟು ಅತ್ಲಾಗೆ ಬೇರೆಯಾಗ್ತದಲ್ಲ" ಅಂದರು. ನಿಜವೇ. ಕೊನೆಗೆ ಪಾಸ್‌ಪೋರ್ಟಿನ ಹೆಸರನ್ನೇ ಗಟ್ಟಿ ಹಿಡಿದು, ಹಳೇ ಹೆಸರಿನ ಕಾಗದಗಳನ್ನೆಲ್ಲ ಅದಕ್ಕೆ ಜೋಡಿಸೋದು ಅಂತ ತೀರ್ಮಾನವಾಯಿತು. ಜೋಡಿಸೋಕೆ ಮದುವೆ ನೋಂದಣಿ ಪತ್ರ ಬೇಕು, ಅದರಲ್ಲಿ ಅಪ್ಪನ ಹೆಸರೂ ಇದೆ, ಗಂಡನ ಹೆಸರೂ ಇದೆ. ನನ್ನದು ಕನ್ನಡದಲ್ಲಿತ್ತು, ಹಾಗಾಗಿ ದೃಢೀಕರಿಸಿದ ಇಂಗ್ಲಿಷ್ ಅನುವಾದವನ್ನೂ ಮಾಡಿಸಿದೆ. ಜೊತೆಗೆ ಒಂದು ಅಫಿಡವಿಟ್ಟು. ನೋಟರಿ ಮೊದಲು ಬರೆದದ್ದರಲ್ಲಿ ಬರೀ "ಇಬ್ಬರೂ ಒಬ್ಬರೇ" ಅಂತಿತ್ತು. ಮೂರು ಹೆಸರನ್ನೂ ಆಯಾ ಕಾಗದದಲ್ಲಿ ಇದ್ದ ಹಾಗೇ ಅಕ್ಷರ ಬಿಡದೆ ಬರೆಸಿದೆ, ಯಾವುದು ಯಾವ ಕಾಗದದಲ್ಲಿದೆ ಅಂತಲೂ ಸೇರಿಸಿದೆ. NAIK ಬದಲು NAYAK ಅಂತ ಒಂದು ಕಡೆ ಟೈಪ್ ಆಗಿದ್ದರೂ ಮತ್ತೆ ಮೊದಲಿಂದ ಶುರು.

ಇನ್ನೊಂದು ಕಡೆ ಇದೇ ಹೆಸರು ಕಾಡುತ್ತಿತ್ತು. ನಾನು ಇಲ್ಲಿ ನೋಂದಾಯಿತ ನರ್ಸ್, ನನ್ನ ಮೇಲೆ ದೂರಿಲ್ಲ ಅನ್ನೋ ದೃಢೀಕರಣ ಬೆಂಗಳೂರಿನ ಕೌನ್ಸಿಲ್‌ನಿಂದ ನೇರವಾಗಿ ಎನ್‌ಎಂಸಿಗೆ ಹೋಗಬೇಕು. ನಾನೇ ಲಕೋಟೆ ತಗೊಂಡು ಹೋಗಿ ಕೊಟ್ಟರೆ ನಡೆಯಲ್ಲ. ಅಲ್ಲಿ ಅರ್ಜಿ ಮಂಜುನಾಥನ ಹೆಸರಲ್ಲಿ, ಇಲ್ಲಿ ರಿಜಿಸ್ಟರು 'ಜಿ' ಹೆಸರಲ್ಲಿ. ಹುಡುಕುವವರು ಸುಮ್ನೆ ಕೈಚೆಲ್ಲಬಾರದು ಅಂತ ಕೌನ್ಸಿಲ್‌ಗೆ ಕೊಟ್ಟ ಮನವಿಯ ಮೊದಲ ಸಾಲಲ್ಲೇ ನೋಂದಣಿ ಸಂಖ್ಯೆ ಬರೆದೆ. ಅದರ ಕೆಳಗೆ ಎರಡೂ ಹೆಸರು, ಹಿಂದೆ ಮದುವೆ ಪತ್ರದ ಪ್ರತಿ. ಹೆಸರು ಬದಲಾದರೂ ಆ ಸಂಖ್ಯೆ ಬದಲಾಗಲ್ಲ ನೋಡಿ.

ಎರಡನೇ ಸಲ ಬುಕ್ ಮಾಡುವಾಗ ಪಾಸ್‌ಪೋರ್ಟನ್ನು ಕೀಬೋರ್ಡಿನ ಮೇಲೇ ಇಟ್ಟುಕೊಂಡು, ಗಂಡನಿಗೆ ಒಂದೊಂದೇ ಅಕ್ಷರ ಓದೋಕೆ ಹೇಳಿ ಟೈಪ್ ಮಾಡಿದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಬೇರೆ ಸಾಲು, ಗಿವನ್ ನೇಮ್ ಬೇರೆ ಸಾಲು. ಅದನ್ನೂ ಅದಲು ಬದಲು ಮಾಡಬಾರದು. ಈ ಸಲ ಕೇಂದ್ರದಲ್ಲಿ ಒಳಗೆ ಬಿಟ್ಟರು. ಪಾಸಾಯಿತು.

ಅಪ್ಪನಿಗೆ ಫೋನ್ ಮಾಡಿ ಇಡೀ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಂದ್ರೆ ನನ್ನ ಹೆಸರು ತೆಗೆದದ್ದಕ್ಕೆ ಒಂಬತ್ತು ಸಾವಿರ ದಂಡ" ಅಂದ.