ಪೂರ್ತಿ ತಂತಿಯನ್ನೇ ವೃತ್ತ ಮಾಡಿದ್ರೆ, ಸರ್?

ಶಿವಮೊಗ್ಗದ ಒಂದು ಪಿಯು ಕಾಲೇಜಿನಲ್ಲಿ ನಾನು ಗಣಿತ ಹೇಳುತ್ತೇನೆ. ಸಿಇಟಿಗೆಂದು ವಾರಕ್ಕೊಂದು ಟೆಸ್ಟ್ ಇಡುತ್ತೇವೆ. ಪ್ರಶ್ನೆ ನನ್ನದೇ, ಕೀ ಆನ್ಸರ್ ಕೂಡ ನನ್ನದೇ. ಎಡವಟ್ಟಾಗಿದ್ದು ಅಲ್ಲೇ.

ಮ್ಯಾಕ್ಸಿಮಾ ಮಿನಿಮಾ ಟೆಸ್ಟಿಗೆ ಹಳೆಯದೊಂದು ಪ್ರಶ್ನೆ ತೆಗೆದುಕೊಂಡಿದ್ದೆ. 40 ಮೀಟರ್ ತಂತಿ ಇದೆ. ಎರಡು ತುಂಡು ಮಾಡಿ ಒಂದರಿಂದ ವೃತ್ತ, ಇನ್ನೊಂದರಿಂದ ಚೌಕ ಮಾಡಬೇಕು. ಒಟ್ಟು ವಿಸ್ತೀರ್ಣ ಕನಿಷ್ಠ ಆಗಬೇಕಾದರೆ ವೃತ್ತಕ್ಕೆ ಎಷ್ಟು ತಂತಿ? ಹಿಂದಿನ ವರ್ಷದವರ ಪೇಪರ್ ಹುಡುಗರ ಕೈಯಲ್ಲಿ ಓಡಾಡುತ್ತಿತ್ತು. ಹಾಗಾಗಿ ಸುಮ್ನೆ ‘ಕನಿಷ್ಠ’ ಇದ್ದಲ್ಲಿ ‘ಗರಿಷ್ಠ’ ಅಂತ ಮಾಡಿಬಿಟ್ಟೆ. ಕೀ ಮುಟ್ಟಲಿಲ್ಲ, ಆಪ್ಶನ್‌ಗಳನ್ನೂ ಮುಟ್ಟಲಿಲ್ಲ.

ಪೇಪರ್ ತಿದ್ದಿದಾಗ ಬಹುತೇಕ ಎಲ್ಲರ ಉತ್ತರ ನನ್ನ ಕೀಗೆ ಸರಿಯಾಗಿತ್ತು. ಖುಷಿಯೂ ಆಯಿತು! ಅವರು ಮಾಡಿದ್ದು ಇಷ್ಟು. ವೃತ್ತಕ್ಕೆ x ಮೀಟರ್ ಹೋದರೆ ಚೌಕಕ್ಕೆ 40 − x ಉಳಿಯುತ್ತದೆ. ಆಗ

```
A   = x²/(4π) + (40 − x)²/16
A'  = x/(2π) − (40 − x)/8
A' = 0  ⇒  x = 40π/(π + 4) ≈ 17.6
```

ಈ 40π/(π + 4) ಆಪ್ಶನ್‌ನಲ್ಲಿ ಕಣ್ಣಿಗೆ ಬಿತ್ತು. ಟಿಕ್ ಮಾಡಿ ಮುಂದೆ ಹೋದರು. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅವರನ್ನು ಬೈಯಲೂ ಆಗುವುದಿಲ್ಲ.

ಮರುದಿನ ತೀರ್ಥಹಳ್ಳಿ ಕಡೆಯಿಂದ ಬಸ್ಸಿಗೆ ಬರುವ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕೊಡೆಯಿಂದ ನೀರು ಇಳಿಯುತ್ತಿತ್ತು.

"ಸರ್, ಕತ್ತರಿಸದೇ ಪೂರ್ತಿ ತಂತಿಯನ್ನೇ ವೃತ್ತ ಮಾಡಿದ್ರೆ 127 ಬರುತ್ತೆ. ನಿಮ್ಮ ಉತ್ತರಕ್ಕೆ ಬರೀ 56."

"ಎಲ್ಲಿ, ತೋರಿಸಮ್ಮ."

ಅವಳ ಲೆಕ್ಕ ಸರಿಯಾಗಿತ್ತು. 1600 ಅನ್ನು 4πನಿಂದ ಭಾಗಿಸಿದರೆ ಸುಮಾರು 127.3 ಚದರ ಮೀಟರ್. ಪೂರ್ತಿ ತಂತಿ ಚೌಕಕ್ಕೇ ಹೋದರೆ 100. ನಾನು ‘ಗರಿಷ್ಠ’ ಅಂತ ಕೀಯಲ್ಲಿ ಬರೆದಿದ್ದ ಜಾಗದಲ್ಲಿ 56. ಅದಕ್ಕಿಂತ ಕಡಿಮೆ ಇನ್ನೆಲ್ಲೂ ಬರುವುದಿಲ್ಲ.

"ಅನುಮಾನ ಹೇಗೆ ಬಂತು?" ಅಂದೆ.

"ಅಪ್ಪ ಕೋಳಿಮರಿಗೆ ಬಲೆ ಸುತ್ತುವಾಗ ಗುಂಡಗೆ ಸುತ್ತುತ್ತಾರೆ ಸರ್. ಜಾಗ ಜಾಸ್ತಿ ಸಿಗುತ್ತೆ ಅಂತಾರೆ. ಇಲ್ಲಿ ಚೌಕಕ್ಕೇ ಜಾಸ್ತಿ ತಂತಿ ಹೋಗಿತ್ತು."

ಕೋಳಿಮರಿ ಸಾಕದವರಿಗೂ ಇದು ಗೊತ್ತಾಗುವ ದಾರಿ ಇತ್ತು. ಇನ್ನೊಂದೇ ಒಂದು ಸಾಲು ಬರೆಯಬೇಕಿತ್ತು, A'' = 1/(2π) + 1/8. ಇದರಲ್ಲಿ x ಇಲ್ಲವೇ ಇಲ್ಲ. ಎರಡೂ ಪ್ಲಸ್. ಅಂದರೆ ಸಿಕ್ಕಿದ್ದು ತಗ್ಗು, ದಿಬ್ಬ ಅಲ್ಲ.

ಪ್ಲಸ್ ಬಂದರೆ ಕನಿಷ್ಠ, ಮೈನಸ್ ಬಂದರೆ ಗರಿಷ್ಠ. ಇದನ್ನು ಉಲ್ಟಾ ನೆನಪಿಟ್ಟುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. ಅವರಿಗೆ ಕುಂದಾದ್ರಿ ಹತ್ತಿದ್ದನ್ನು ನೆನಪಿಸುತ್ತೇನೆ. ಹತ್ತುವಾಗ ಇಳಿಜಾರು ಪ್ಲಸ್, ತುದಿಯಲ್ಲಿ ಸೊನ್ನೆ, ಇಳಿಯುವಾಗ ಮೈನಸ್. ಪ್ಲಸ್ಸಿನಿಂದ ಮೈನಸ್ಸಿಗೆ ಹೋಯಿತು ಅಂದರೆ ಇಳಿಜಾರಿನ ಬೆಲೆ ಕಡಿಮೆಯಾಗುತ್ತಿದೆ. ಎರಡನೇ ಡೆರಿವೇಟಿವ್ ಹೇಳುವುದು ಅದನ್ನೇ, ಇಳಿಜಾರು ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಅಂತ. ಹಾಗಾಗಿ ತುದಿಯಲ್ಲಿ ಮೈನಸ್.

ಪ್ರಶ್ನೆ ಈಗ ಏನಾಯಿತು? A'' ಎಲ್ಲ ಕಡೆ ಪ್ಲಸ್ ಇರುವುದರಿಂದ ಮಧ್ಯದಲ್ಲಿ ಎಲ್ಲೂ ದಿಬ್ಬ ಇಲ್ಲ. ಗರಿಷ್ಠ ಇದ್ದರೆ ಅಂಚಿನಲ್ಲೇ ಇರಬೇಕು, x = 0 ಅಥವಾ x = 40. ಆದರೆ ನಾನು ‘ಎರಡು ತುಂಡು ಮಾಡಿ’ ಅಂತ ಬರೆದಿದ್ದೆ. ಹಾಗಾದರೆ x 40 ಆಗುವ ಹಾಗಿಲ್ಲ. 39 ಇಟ್ಟರೆ ವಿಸ್ತೀರ್ಣ ಹೆಚ್ಚು, 39.9 ಇಟ್ಟರೆ ಇನ್ನೂ ಹೆಚ್ಚು, ಕೊನೆಯೇ ಇಲ್ಲ. ಗರಿಷ್ಠವೇ ಇಲ್ಲದ ಪ್ರಶ್ನೆ ಅದು. ಎಲ್ಲರಿಗೂ ಒಂದು ಅಂಕ ಕೊಟ್ಟು ಪ್ರಶ್ನೆ ರದ್ದು ಮಾಡಿದೆ. ಕ್ಲಾಸಿನಲ್ಲಿ ತಪ್ಪು ನನ್ನದು ಅಂತ ಹೇಳುವಾಗ ಹಿಂದಿನ ಬೆಂಚಿನವರಿಗೆ ಎಷ್ಟು ಸಂತೋಷ ಅಂತೀರಿ!

ಅದಾದ ಮೇಲೆ ನನ್ನ ಹಳೇ ಕೀಗಳನ್ನೆಲ್ಲ ತೆಗೆದು ಕೂತೆ. ಎರಡನೇ ಡೆರಿವೇಟಿವ್ ಬಿಟ್ಟವರು ಎಲ್ಲಿ ಬೀಳುತ್ತಾರೆ ಅಂತ ನೋಡಿದಾಗ x + 1/x ಮತ್ತೆ ಮತ್ತೆ ಸಿಕ್ಕಿತು. ಇದರ ಸ್ಥಳೀಯ ಗರಿಷ್ಠ ಬೆಲೆ ಎಷ್ಟು ಅಂತ ಪ್ರಶ್ನೆ. ಡೆರಿವೇಟಿವ್ 1 − 1/x². ಸೊನ್ನೆಗೆ ಸಮ ಮಾಡಿದರೆ x = 1, x = −1. ಬೆಲೆಗಳು 2 ಮತ್ತು −2. ದೊಡ್ಡದು 2 ಅಲ್ವಾ, ಅದಕ್ಕೇ ಟಿಕ್. ಆದರೆ ಎರಡನೇ ಡೆರಿವೇಟಿವ್ 2/x³. 1ರಲ್ಲಿ ಪ್ಲಸ್, ಅಲ್ಲಿ ಕನಿಷ್ಠ. −1ರಲ್ಲಿ ಮೈನಸ್, ಅಲ್ಲಿ ಗರಿಷ್ಠ. ಉತ್ತರ −2. ಗರಿಷ್ಠ ಬೆಲೆ ಕನಿಷ್ಠ ಬೆಲೆಗಿಂತ ಚಿಕ್ಕದು! x = 0ಯಲ್ಲಿ ಗ್ರಾಫ್ ಎರಡಾಗಿ ಮುರಿದಿದೆ. ಒಂದು ತುಂಡು ಮೇಲೆ, ಒಂದು ಕೆಳಗೆ. ಕೆಳಗಿನ ತುಂಡಿನ ದಿಬ್ಬ ಮೇಲಿನ ತುಂಡಿನ ತಗ್ಗಿಗಿಂತ ಕೆಳಗೇ ಉಳಿಯುತ್ತದೆ.

"ಸರ್, ಎರಡನೇ ಸಲ ಡಿಫರೆನ್ಶಿಯೇಟ್ ಮಾಡೋಕೆ ಟೈಮ್ ಎಲ್ಲಿದೆ?" ಅನ್ನುವುದು ಹುಡುಗರ ದೂರು. ಭಾಗಾಕಾರ ಇದ್ದಾಗ ಈ ದೂರು ನ್ಯಾಯವೇ. ಆದರೆ ನಮಗೆ ಬೇಕಾಗಿರುವುದು ಚಿಹ್ನೆ ಮಾತ್ರ. (log x)/x ತೆಗೆದುಕೊಳ್ಳಿ. ಡೆರಿವೇಟಿವ್ (1 − log x)/x², ಸೊನ್ನೆ ಆಗುವುದು x = e ಯಲ್ಲಿ. ಅಲ್ಲಿ ಮೇಲಿನ ಭಾಗ ಸೊನ್ನೆ. ಹಾಗಾಗಿ ಭಾಗಾಕಾರದ ಸೂತ್ರದಲ್ಲಿ ಕೆಳಗಿನದನ್ನು ಡಿಫರೆನ್ಶಿಯೇಟ್ ಮಾಡುವ ಪದ ತಾನೇ ಹೋಗಿಬಿಡುತ್ತದೆ. ಮೇಲಿನದನ್ನು ಮಾತ್ರ ಮಾಡಿದರೆ −1/x. e ಯಲ್ಲಿ ಮೈನಸ್. ಕೆಳಗಿನ x² ಪ್ಲಸ್. ಒಟ್ಟು ಮೈನಸ್, ಅಂದರೆ ಗರಿಷ್ಠ, ಬೆಲೆ 1/e. ಹತ್ತು ಸೆಕೆಂಡಿನ ಕೆಲಸ. ನೆನಪಿರಲಿ, ಇದು ಮೊದಲ ಡೆರಿವೇಟಿವ್ ಸೊನ್ನೆ ಆದ ಜಾಗದಲ್ಲಿ ಮಾತ್ರ ನಡೆಯುತ್ತದೆ, ಕೆಳಗಿನ ಭಾಗ ಅಲ್ಲಿ ಸೊನ್ನೆ ಆಗಿರಲೂಬಾರದು.

ಎರಡನೇ ಡೆರಿವೇಟಿವ್ ಸೊನ್ನೆ ಬಂದರೆ ಅದು ಏನೂ ಹೇಳುವುದಿಲ್ಲ. x = 0ಯಲ್ಲಿ x³ಗೂ ಸೊನ್ನೆ, x⁴ಗೂ ಸೊನ್ನೆ. ಮೊದಲನೆಯದಕ್ಕೆ ಅಲ್ಲಿ ಎರಡೂ ಇಲ್ಲ, ಎರಡನೆಯದಕ್ಕೆ ಕನಿಷ್ಠ. ಆಗ ಮೊದಲ ಡೆರಿವೇಟಿವ್‌ಗೆ ವಾಪಸ್ ಬಂದು ಆ ಕಡೆ ಈ ಕಡೆ ಚಿಹ್ನೆ ನೋಡಬೇಕು.

ತಂತಿ ಪ್ರಶ್ನೆಯನ್ನು ಈ ವರ್ಷ ಮತ್ತೆ ಇಟ್ಟೆ, ‘ಗರಿಷ್ಠ’ ಅಂತಲೇ. ಈ ಸಲ ‘ತಂತಿಯನ್ನು ಕತ್ತರಿಸಬಹುದು, ಕತ್ತರಿಸದೆಯೂ ಇರಬಹುದು’ ಅಂತ ಸೇರಿಸಿದೆ. ಆಪ್ಶನ್‌ನಲ್ಲಿ 40 ಇತ್ತು, ಅದರ ಪಕ್ಕದಲ್ಲೇ 40π/(π + 4) ಕೂಡ. ಹೆಚ್ಚಿನವರು ಮತ್ತೆ ಅದಕ್ಕೇ ಟಿಕ್ ಮಾಡಿದರು. ಈ ಸಲ ಅಂಕ ಕೊಡಲಿಲ್ಲ.