ಅರ್ಧಕ್ಕ ಬಿಟ್ಟ ಸಿರಿಂಜ್

ರಾತ್ರಿ ಪಾಳಿ. ಏಳನೇ ಬೆಡ್ಡಿನ ಅಜ್ಜಗ ಸೆಫ್ಟ್ರಿಯಾಕ್ಸೋನ್ 1 ಗ್ರಾಂ, 10 ಎಂಎಲ್ ಸ್ಟೆರೈಲ್ ವಾಟರಿನ್ಯಾಗ ಕಲಸಿ ಸಿರಿಂಜಿಗೆ ಎಳಕೊಂಡೀನಿ. ಅಷ್ಟರಾಗ ಕೂಗು: "ಸಿಸ್ಟರ್, ಲಗೂ ಬರ್ರಿ, ಚಿಂಚೋಳಿ ಕಡಿಂದ ಹಾವು ಕಡದ ಕೇಸ್!" ತೊಗರಿ ಹೊಲದ ದಿನದಾಗ ನಮಗಿದು ಹೊಸದಲ್ಲ ಬಿಡ್ರಿ.

ಓಡೂಕಿಂತ ಮೊದಲು ಸಿರಿಂಜಿಗೆ ಟೇಪ್ ಹಚ್ಚಿ ಅಜ್ಜನ ಹೆಸರು, ಬೆಡ್, ಔಷಧ, ಡೋಸ್, ಟೈಮ್ ಬರದೆ. ಟ್ರೇ ಕಪಾಟಿನ್ಯಾಗಿಟ್ಟು ಕೀಲಿ ಹಾಕಿದೆ. "ಅಕ್ಕಾ, ಏಳಕ್ಕ ಇನ್ನಾ ಕೊಟ್ಟಿಲ್ರಿ" ಅಂತ ಜೋಡಿ ಸಿಸ್ಟರಿಗೆ ಹೇಳಿದೆ. ಚಾರ್ಟಿನ್ಯಾಗ ಸಹಿ ಮಾತ್ರ ಮಾಡಲಿಲ್ಲ. ಸಹಿ ಅಂದ್ರ ಔಷಧ ಮೈಯಾಗ ಹೋಗೇದ ಅಂತ. ಹೆಂಗೂ ಕೊಡ್ತೀನಲ್ಲ ಅಂತ ಮೊದಲೇ ಗೀಚಿದ್ರ, ತಪ್ಪಿದ ಡೋಸ್ ಮುಂದಿನ ಪಾಳಿಯವರ ಕಣ್ಣಿಗೂ ಬೀಳಂಗಿಲ್ಲ.

ತಿರುಗಿ ಬಂದಾಗ ಬಿಟ್ಟಲ್ಲಿಂದ ಶುರು ಮಾಡಂಗಿಲ್ಲ. ಚಾರ್ಟ್ ನೋಡಿ, ಹೆಸರು ಕೇಳಿ, ಕೈಪಟ್ಟಿ ನೋಡಿ, ಲೇಬಲ್ ಓದಿ, ಆಮ್ಯಾಲೆ ಸೂಜಿ. ಲೇಬಲ್ ಇಲ್ಲದ ಸಿರಿಂಜ್ ಇದ್ರ, ನಾನೇ ತುಂಬಿದ್ದು ಅಂತ ನೆನಪಿದ್ರೂ ಚೆಲ್ಲೂದೇ. ಟ್ರೇದಾಗ ಭಾಳಷ್ಟು ಔಷಧ ನೋಡಾಕ ಒಂದೇ ನಮೂನಿ ಕಾಣ್ತಾವ.

ನಿಧಾನಕ್ಕ ನಾಲ್ಕು ನಿಮಿಷ ಕೊಟ್ಟೆ, ಆಮ್ಯಾಲೆ ಸಹಿ. ಅಜ್ಜ ಎಚ್ಚರಿದ್ದ: "ಯವ್ವಾ, ನನ್ನ ಮರ್ತಿ ಅಂದ್ಕೊಂಡಿದ್ದೆ, ಒಂದು ಸೂಜಿ ಉಳೀತಂತ ಖುಷಿಯಾಗಿತ್ತು ನೋಡು."