ಗಾದಿ ಜಾಹೀರಾತು ಮತ್ತು ನಾಲ್ಕು ಮೆಟ್ಟಿಲು

ಇವತ್ತು ಸೂಪರ್ ಮಾರ್ಕೆಟ್ ಹತ್ತಿರ ಗಾದಿ ಅಂಗಡಿಯ ಕರಪತ್ರ ಕೈಗೆ ಬಂತು. ಮೇಲೆ ದಪ್ಪಕ್ಷರದಲ್ಲಿ ಅಂಗಡಿ ಹೆಸರು, ಕೆಳಗೆ "ಉತ್ತಮ ಗುಣಮಟ್ಟ, ಯೋಗ್ಯ ದರ". ಯಾರು ಓದ್ತಾರೆ ಹೇಳಿ?

ಹೊಸದಾಗಿ ಜಾಹೀರಾತು ಬರೆಯೋರು ಗಮನ, ಆಸಕ್ತಿ, ಆಸೆ, ಕ್ರಿಯೆ ಅನ್ನೋ ಹಳೇ ಕ್ರಮ ಹಿಡಿದರೆ ಸಾಕು.

ಮೊದಲ ಸಾಲು ಹೀಗಿರಲಿ: "ಬೆಳಿಗ್ಗೆ ಏಳುವಾಗ ಸೊಂಟ ಹಿಡಿಯುತ್ತಾ?" ನೋವಿದ್ದವರು ಅಲ್ಲೇ ನಿಲ್ತಾರೆ, ಇಲ್ಲದವರು ಮುಂದೆ ಹೋಗ್ಲಿ ಬಿಡಿ. ಆಮೇಲೆ ಆಸಕ್ತಿ: "ನಿಮ್ಮ ಗಾದಿ ನಡುವೆ ತಗ್ಗಾಗಿದೆಯಾ ನೋಡಿ. ಸೊಂಟ ರಾತ್ರಿಯಿಡೀ ಆ ತಗ್ಗಿನಲ್ಲೇ ಇರುತ್ತೆ." ಓದಿದವರು ಮನೆಗೆ ಹೋಗಿ ಕೈಯಿಂದ ಒತ್ತಿ ನೋಡ್ತಾರೆ.

ಎಲ್ಲರೂ ಎಡವೋದು ಆಸೆಯಲ್ಲಿ. "ತೆಂಗಿನ ನಾರು, ಮೇಲೆ ಫೋಮ್" ಅಂತ ಬರೆದು ಕೈ ತೊಳ್ಕೋತಾರೆ. ಅದು ಸರಕಿನ ವಿವರ, ಅಷ್ಟೇ. ಅದರಿಂದ ನನಗೇನು ಅಂತ ಓದುಗ ಕೇಳ್ತಾನೆ. ಹಾಗಾಗಿ: "ಗಟ್ಟಿ ನಾರು ಸೊಂಟಕ್ಕೆ ಆಸರೆ ಕೊಡುತ್ತೆ, ಮೇಲಿನ ಫೋಮ್ ಮೈಗೆ ಮೆತ್ತಗೆ. ನಾರಿನೊಳಗೆ ಗಾಳಿ ಆಡೋದರಿಂದ ನಮ್ಮ ಕಲಬುರಗಿ ಬೇಸಿಗೆಯಲ್ಲೂ ಬೆನ್ನು ಅಷ್ಟು ಬೆವರಲ್ಲ." ನೋವೇ ಹೋಗುತ್ತೆ ಅಂತ ಮಾತ್ರ ಬರೆಯಬೇಡಿ, ಗಾದಿ ಡಾಕ್ಟರ್ ಅಲ್ಲ.

ಕೊನೆಗೆ ಕ್ರಿಯೆ, ಒಂದೇ ಒಂದು: "ಮಂಚದ ಅಳತೆ ತನ್ನಿ, ಅಂಗಡಿಯಲ್ಲಿ ಹತ್ತು ನಿಮಿಷ ಮಲಗಿ ನೋಡಿ." ಫೋನ್ ಮಾಡಿ, ವಾಟ್ಸಾಪ್ ಮಾಡಿ, ಬನ್ನಿ ಅಂತ ಮೂರು ಹೇಳಿದ್ರೆ ಜನ ಒಂದೂ ಮಾಡಲ್ಲ.

ಬರೆದ ಮೇಲೆ "ಗಾದಿ" ಇದ್ದಲ್ಲಿ "ಫ್ಯಾನ್" ಅಂತ ಹಾಕಿ ಓದಿ. ಆಗಲೂ ಸರಿಹೋದ್ರೆ ಅದು ಗಾದಿ ಬಗ್ಗೆ ಏನೂ ಹೇಳ್ತಿಲ್ಲ ಅಂತ ಅರ್ಥ, ಹರಿದು ಹಾಕಿ.